ಪಕ್ಕದ ಮನೆಗೆ ನೀರು, ನಮ್ಮ ಮನೆಗೆ ಹನಿ

ಯುಗಾದಿಗೆಂದು ಊರಿಗೆ ಹೋದಾಗ ಮನೆಯಲ್ಲಿ ಹಬ್ಬದ ಮಾತಿಗಿಂತ ನೀರಿನ ಮಾತೇ ಹೆಚ್ಚಾಗಿತ್ತು. ನಮ್ಮದು ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿ. ನಮ್ಮ ಓಣಿಗೆ ದಿನ ಬಿಟ್ಟು ದಿನ, ಬೆಳಿಗ್ಗೆ ಸುಮಾರು ಒಂದು ಗಂಟೆ ನಳದ ನೀರು ಬರುತ್ತದೆ. ಆ ಒಂದು ಗಂಟೆಯಲ್ಲಿ ಅಂಗಳದ ಹೌದ, ಅಂದರೆ ನೆಲದೊಳಗಿನ ತೊಟ್ಟಿ ತುಂಬಿಕೊಂಡರೆ ಎರಡು ದಿನ ನೆಮ್ಮದಿ. ವರ್ಷದಿಂದೀಚೆಗೆ ಹೌದ ತುಂಬುವುದು ಹಾಗಿರಲಿ, ತಳ ಮುಚ್ಚುವಷ್ಟೂ ನೀರು ಬೀಳುತ್ತಿರಲಿಲ್ಲ.

“ನೀರು ಬಿಡವರು ನಮ್ಮ ಓಣಿಗಿ ವಾಲ್ವ್ ಪೂರಾ ತಿರುವಲ್ರು, ಅದಕ್ಕೇ ಹಿಂಗಾಗ್ಯಾದ” ಎಂದರು ಅಣ್ಣ. ಆ ಮನುಷ್ಯ ಮನೆ ಮುಂದೆ ಹಾದುಹೋದರೆ ಅಣ್ಣ ಮುಖ ತಿರುಗಿಸಿಕೊಳ್ಳುವ ಮಟ್ಟಕ್ಕೆ ಮಾತು ಬೆಳೆದಿತ್ತು. ಅದಕ್ಕಿಂತ ಬೇಸರದ ಸಂಗತಿಯನ್ನು ಪಕ್ಕದ ಮನೆಯ ಆಯಿ ಹೇಳಿದರು. ಆಯಿಗೆ ಎಪ್ಪತ್ತು ದಾಟಿದೆ. ಒಬ್ಬರೇ ಇರುತ್ತಾರೆ. ಅವರ ಮನೆ ಓಣಿಯ ಕೊನೆಯದು. ಹೌದವಿಲ್ಲ, ಮೋಟಾರಿಲ್ಲ, ನಳದ ಕೆಳಗೆ ಕೊಡ ಇಟ್ಟು ಹಿಡಿದುಕೊಂಡಷ್ಟೇ ನೀರು. “ತಮ್ಮಾ, ಹೋದ ಸಲ ನೀರು ಬಂದಾಗ ನಮ್ಮ ನಳ ನೀರು ಕೊಡೋದು ಬಿಟ್ಟು ಗಾಳಿ ಒಳಗ ಎಳೀಲತಿತ್ತು ನೋಡು. ಅಂಗೈ ಇಟ್ಟರ ಅಂಗೈನೇ ಹಿಡಕೊಂತು” ಎಂದರು.

ನಾನು ಅಣ್ಣನ ಮುಖ ನೋಡಿದೆ. ಅಣ್ಣ ನೆಲ ನೋಡಿದರು. ಯಾರದೋ ಹೊಲದಿಂದ ಅರ್ಧ ಎಚ್‌ಪಿ ಮೋಟಾರೊಂದನ್ನು ತಂದು, ಗೇಟಿನ ಬಳಿ ನಳದ ಪೈಪಿಗೇ ನೇರವಾಗಿ ಜೋಡಿಸಿ, ಉದ್ದನೆಯ ರಬ್ಬರ್ ಪೈಪಿನಿಂದ ಹೌದಕ್ಕೆ ನೀರು ಬಿಟ್ಟುಕೊಂಡಿದ್ದರು. ಅರ್ಧ ಗಂಟೆಯಲ್ಲಿ ಹೌದ ತುಂಬಿತ್ತು. ಮುಂದಿನ ಸರದಿಗೂ ಅದೇ ಏರ್ಪಾಡು ಮಾಡುವವರಿದ್ದರು. “ಮನ್ಯಾಗ ಆರು ಮಂದಿ ಇದ್ದೀವಿ. ಮತ್ತೇನು ಮಾಡಬೇಕು ಹೇಳು” ಎಂದರು. ಪ್ರಶ್ನೆ ನ್ಯಾಯವಾದದ್ದೇ.

ಇಪ್ಪತ್ತೆರಡು ವರ್ಷಗಳಿಂದ ನನ್ನ ಹೊಟ್ಟೆಪಾಡು ನೀರಿನ ಪೈಪಿನ ಕೆಲಸ. ಊರವರ ಮನೆಯ ನೀರನ್ನೆಲ್ಲ ಸರಿ ಮಾಡಿ ಸ್ವಂತ ಮನೆಯದನ್ನು ಬಿಟ್ಟಿದ್ದೆನಲ್ಲ ಎಂದು ನಾಚಿಕೆಯಾಯಿತು. “ಮುಂದಿನ ಸರದಿಗೆ ಮೋಟಾರು ಹಚ್ಚಬೇಡಣ್ಣ. ಅವತ್ತೊಂದು ದಿನ ನಳವನ್ನ ಪರೀಕ್ಷೆ ಮಾಡೋಣ” ಎಂದೆ. ಏಳನೇ ತರಗತಿ ಓದುವ ಅಣ್ಣನ ಮಗಳು ಕೂಡಲೇ ನೋಟುಪುಸ್ತಕ ತಂದು ಕೂತಳು.

ಮೊದಲು ಬಕೆಟ್ಟಿನ ಲೆಕ್ಕ

“ನೀರು ಸಣ್ಣಗೆ ಬರುತ್ತದೆ” ಎನ್ನುವುದು ದೂರು. ಎಷ್ಟು ಸಣ್ಣಗೆ ಎಂದು ತಿಳಿದರೆ ಮಾತ್ರ ಕಾರಣ ಹುಡುಕಬಹುದು. ಅದಕ್ಕೆ ಬೇಕಾದದ್ದು ಅಳತೆ ಗೊತ್ತಿರುವ ಒಂದು ಬಕೆಟ್ ಮತ್ತು ಒಂದು ಗಡಿಯಾರ.

ಇಲ್ಲೊಂದು ಎಚ್ಚರಿಕೆ ಬೇಕು. ದಿನ ಬಿಟ್ಟು ದಿನ ನೀರು ಬರುವ ಊರಿನಲ್ಲಿ ನೀರು ನಿಂತಾಗ ಬೀದಿಯ ಪೈಪು ಖಾಲಿಯಾಗಿ ಅದರಲ್ಲಿ ಗಾಳಿ ತುಂಬಿಕೊಂಡಿರುತ್ತದೆ. ವಾಲ್ವ್ ತೆರೆದ ಮೇಲೆ ಮೊದಲು ಗಾಳಿ ಬುಸುಗುಟ್ಟುತ್ತದೆ, ಆಮೇಲೆ ಕೆಂಪು ನೀರು ಉಗುಳಿ ಉಗುಳಿ ಬರುತ್ತದೆ. ಪೈಪುಗಳೆಲ್ಲ ತುಂಬಿಕೊಂಡ ಮೇಲಷ್ಟೇ ಧಾರೆ ಒಂದು ಹದಕ್ಕೆ ನಿಲ್ಲುತ್ತದೆ. ಆ ಮೊದಲ ಹದಿನೈದು ನಿಮಿಷದಲ್ಲಿ ಅಳೆದರೆ ಲೆಕ್ಕ ತಪ್ಪುತ್ತದೆ. ಕೊನೆಯ ಹತ್ತು ನಿಮಿಷವೂ ಅಷ್ಟೇ.

ನಾವು ಇಪ್ಪತ್ತು ನಿಮಿಷ ಕಾದು ಅಂಗಳದ ನಳಕ್ಕೆ 15 ಲೀಟರಿನ ಬಕೆಟ್ ಇಟ್ಟೆವು. ತುಂಬಲು ಐದು ನಿಮಿಷ ಬೇಕಾಯಿತು. ಹುಡುಗಿ ಲೆಕ್ಕ ಹಾಕಿದಳು: ನಿಮಿಷಕ್ಕೆ 3 ಲೀಟರು, ಗಂಟೆಗೆ 180 ಲೀಟರು. ಅದನ್ನು ಆರು ಜನ ಎರಡು ದಿನ ಬಳಸಬೇಕು. ತಲೆಗೆ ದಿನಕ್ಕೆ 15 ಲೀಟರು, ಅಂದರೆ ಒಂದೇ ಬಕೆಟ್! ಹಳ್ಳಿಯ ಮನೆಗಳಿಗೆ ನಳ ಕೊಡಲು 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ಇಟ್ಟುಕೊಂಡ ಅಳತೆ ತಲೆಗೆ ದಿನಕ್ಕೆ 55 ಲೀಟರು. ಆ ಲೆಕ್ಕದಲ್ಲಿ ನಮ್ಮ ಮನೆಗೆ ಪ್ರತಿ ಸರದಿಗೆ 660 ಲೀಟರು ಬೇಕು. ಅಣ್ಣನ ಸಿಟ್ಟಿಗೆ ಕಾರಣವಿತ್ತು.

ಅದೇ ಬಕೆಟ್ ಹಿಡಿದು ಹುಡುಗಿ ಆಯಿಯ ಮನೆಗೆ ಓಡಿದಳು. ಹೋಲಿಕೆ ಮಾಡುವುದಾದರೆ ಬೇರೆ ದಿನ, ಬೇರೆ ಹೊತ್ತು ಆಗಬಾರದು. ಅದೇ ಸರದಿಯಲ್ಲಿ, ಕೂಡಲೇ ಆಗಬೇಕು. ತಿರುಗಿ ಬಂದವಳು ಬಾಗಿಲಲ್ಲೇ ನಿಂತು ಕೂಗಿದಳು: “ಕಾಕಾ, ಆಯಿ ಮನ್ಯಾಗ ಒಂದು ನಿಮಿಷ ಐದು ಸೆಕೆಂಡಿಗೇ ತುಂಬ್ತು!”

ಓಣಿಯ ಕೊನೆಯ ಮನೆಗೆ ನೀರು ಚೆನ್ನಾಗಿ ಬರುತ್ತಿದೆ, ಅದಕ್ಕೂ ಮುಂಚಿನ ನಮ್ಮ ಮನೆಗೆ ಬರುತ್ತಿಲ್ಲ. ವಾಲ್ವ್ ಅರ್ಧವೇ ತಿರುಗಿಸಿದ್ದರೆ ಆಯಿಯ ಮನೆಗೂ ಬರಬಾರದಿತ್ತು. ಅಣ್ಣ ಸುಮ್ಮನಾದರು.

ಒತ್ತಡ ಬೇರೆ, ಹರಿವು ಬೇರೆ

ನಮ್ಮ ಮನೆಗೆ ಒತ್ತಡವೇ ಬರುತ್ತಿಲ್ಲವೋ, ಒತ್ತಡ ಬಂದೂ ನೀರಿಗೆ ದಾರಿ ಸಿಗುತ್ತಿಲ್ಲವೋ ಎನ್ನುವುದು ಮುಂದಿನ ಪ್ರಶ್ನೆ. ಇವೆರಡೂ ನಳದ ಬಾಯಲ್ಲಿ ಒಂದೇ ತರಹ ಕಾಣುತ್ತವೆ. ಹಾಗಾಗಿಯೇ ಎಷ್ಟೋ ಮನೆಗಳಲ್ಲಿ ಬೇಡದ ಮೋಟಾರು ಕೊಳ್ಳುತ್ತಾರೆ.

ಇದನ್ನು ಬೇರ್ಪಡಿಸಲು ಬೆಲೆಬಾಳುವ ಮಾಪಕವೇನೂ ಬೇಡ. ಗೌಂಡಿಗಳು ಗೋಡೆ ಕಟ್ಟುವಾಗ ಮಟ್ಟ ನೋಡುವ ಗಾಜಿನಂಥ ಪೈಪು ಇರುತ್ತದಲ್ಲ, ಆ ಲೆವೆಲ್ ಪೈಪು ಸಾಕು. ನಾನು ಪರಿಚಯದ ಗೌಂಡಿಯೊಬ್ಬರಿಂದ ಹತ್ತು ಮೀಟರಿನ ಪೈಪು ಕೇಳಿ ತಂದಿದ್ದೆ. ಅದರ ಒಂದು ತುದಿಯನ್ನು ಅಂಗಳದ ನಳದ ಬಾಯಿಗೆ ತೂರಿಸಿ, ನೀರು ಸೋರದಂತೆ ಕ್ಲಿಪ್ಪಿನಿಂದ ಬಿಗಿದೆ. ಇನ್ನೊಂದು ತುದಿಯನ್ನು ಹಿಡಿದು ಅಣ್ಣ ಮಾಳಿಗೆ ಹತ್ತಿದರು. ಮನೆಯ ಉಳಿದ ನಳಗಳನ್ನೂ ಹೌದಕ್ಕೆ ಹೋಗುವ ವಾಲ್ವನ್ನೂ ಮುಚ್ಚಿ, ಪೈಪು ಕಟ್ಟಿದ ನಳವನ್ನು ಮಾತ್ರ ತೆರೆದೆ.

ಪೈಪಿನೊಳಗೆ ನೀರು ಮೇಲೇರತೊಡಗಿತು. ಕಿಟಕಿ ದಾಟಿತು, ಮಾಳಿಗೆ ಮಟ್ಟ ದಾಟಿತು, ಮೇಲಿನ ಕಟ್ಟೆಗೋಡೆಯ ಹತ್ತಿರ ಬಂದು ನಿಂತಿತು. ಟೇಪು ಇಳಿಬಿಟ್ಟು ಅಳೆದೆವು. ನಳದ ಬಾಯಿಯಿಂದ ನೀರು ನಿಂತ ಜಾಗಕ್ಕೆ 4 ಮೀಟರು.

ಬೀದಿಯ ಪೈಪು ನಮ್ಮ ನಳದವರೆಗೆ ತಳ್ಳುತ್ತಿದ್ದ ಒತ್ತಡ ಅಷ್ಟೇ, 4 ಮೀಟರ್ ಎತ್ತರದ ನೀರಿನ ಕಂಬದಷ್ಟು. ಹತ್ತು ಮೀಟರ್ ಕಂಬವೆಂದರೆ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಸುಮಾರು ಒಂದು ಕಿಲೋ ಭಾರ. ನಮ್ಮದು ಅದರ ಐದರಲ್ಲಿ ಎರಡು ಪಾಲು. ಹೆಚ್ಚೇನಲ್ಲ, ಆದರೆ ನೆಲಮಟ್ಟದ ನಳಕ್ಕೂ ನೆಲದೊಳಗಿನ ಹೌದಕ್ಕೂ ಧಾರಾಳ. ಆಯಿಯ ನಳಕ್ಕೆ ಪೈಪು ಕಟ್ಟಿ ನೋಡಿದರೂ ಹೆಚ್ಚುಕಡಿಮೆ ಅಷ್ಟೇ ಎತ್ತರ ಬಂತು.

“ಅಂದರ ನಮಗೂ ಒತ್ತಡ ಅದ! ಮತ್ಯಾಕ ನೀರು ಬರಲತಿಲ್ಲ?” ಎಂದಳು ಹುಡುಗಿ.

ಗುಟ್ಟು ಇಲ್ಲಿದೆ. ನೀರು ನಿಂತಿರುವಾಗ ಪೈಪಿನೊಳಗಿನ ತಡೆ ಗೊತ್ತಾಗುವುದಿಲ್ಲ. ಜಾತ್ರೆಯ ಬಾಗಿಲು ಎಷ್ಟು ಇಕ್ಕಟ್ಟು ಎಂದು ಜನ ನಿಂತಿದ್ದಾಗ ತಿಳಿಯುವುದಿಲ್ಲ, ಹೊರಡಲು ಶುರು ಮಾಡಿದಾಗಲೇ ತಿಳಿಯುವುದು. ಹಾಗಾಗಿ ನೀರು ಹರಿಯುತ್ತಿರುವಾಗ ಇನ್ನೊಮ್ಮೆ ನೋಡಬೇಕು. ಲೆವೆಲ್ ಪೈಪು ಹಾಗೇ ಇರಲಿ ಎಂದು, ನಳದ ಪಕ್ಕದಿಂದಲೇ ಕವಲೊಡೆದು ಹೌದಕ್ಕೆ ಹೋಗುವ ವಾಲ್ವನ್ನು ಪೂರ್ತಿ ತೆರೆದೆ. ಮಾಳಿಗೆಯ ಮೇಲೆ ನಿಂತಿದ್ದ ನೀರು ನೋಡನೋಡುತ್ತಿದ್ದಂತೆ ಸರ್ರನೆ ಇಳಿದು ನಳದಿಂದ ಒಂದು ಗೇಣು ಮೇಲೆ ಬಂದು ನಿಂತಿತು.

ಮುಚ್ಚಿದ್ದಾಗ 4 ಮೀಟರು, ಹರಿಯುವಾಗ ಒಂದು ಗೇಣು. ನಡುವಿನ ಒತ್ತಡವೆಲ್ಲ ದಾರಿಯಲ್ಲೇ ಎಲ್ಲೋ ಸವೆದುಹೋಗುತ್ತಿದೆ. ಹಾಗಾದರೆ ಬೀದಿಯಲ್ಲಿ ಒತ್ತಡವಿದೆ; ನಮ್ಮ ಪೈಪಿನ ಗಂಟಲು ಕಟ್ಟಿದೆ.

ಪೈಪಿನಲ್ಲಿ ನೀರು ಮುಚ್ಚಿದಾಗಲೂ ಮೇಲೇರದೆ ಮೊಣಕಾಲು ಮಟ್ಟದಲ್ಲೇ ನಿಂತಿದ್ದರೆ, ಆಯಿಯ ಮನೆಯಲ್ಲೂ ಹಾಗೇ ಇದ್ದರೆ, ಮಾತು ಬೇರೆ. ಆಗ ದೋಷ ಬೀದಿಯದು. ಎಲ್ಲೋ ಪೈಪು ಸೋರುತ್ತಿರಬಹುದು, ಓಣಿ ಎತ್ತರದಲ್ಲಿರಬಹುದು, ಒಂದೇ ಸರದಿಗೆ ಹೆಚ್ಚು ಓಣಿಗಳಿರಬಹುದು. ಮನೆಯೊಳಗೆ ಎಷ್ಟು ಅಗೆದರೂ ಅದು ಸರಿಯಾಗದು. ನೀರು ಬಂದ ಹೊತ್ತು, ಬಕೆಟ್ ತುಂಬಿದ ಸಮಯ, ಪೈಪಿನಲ್ಲಿ ನೀರು ನಿಂತ ಎತ್ತರ, ಇಷ್ಟನ್ನು ನಾಲ್ಕಾರು ಮನೆಯವರು ಸೇರಿ ಬರೆದುಕೊಟ್ಟರೆ ನೀರು ಬಿಡುವವರಿಗೂ ಹುಡುಕಲು ದಾರಿ ಸಿಗುತ್ತದೆ.

ಬಾವಿಯಿಂದ ಬಾವಿಗೆ

ಬೀದರದ ನೌಬಾದಿನಲ್ಲಿ ಸುರಂಗ ಬಾವಿ ಇದೆ. ಹದಿನೈದನೇ ಶತಮಾನದಲ್ಲಿ, ಬಹಮನಿ ಸುಲ್ತಾನರ ಕಾಲದಲ್ಲಿ ತೋಡಿದ ಕರೇಜ್ ಅದು. ನೆಲದಡಿಯ ಕಾಲುವೆಯೊಂದು ನಿಧಾನದ ಇಳಿಜಾರಿನಲ್ಲಿ ನೀರನ್ನು ತಾನಾಗಿಯೇ ಹರಿಸಿಕೊಂಡು ಹೋಗುತ್ತದೆ. ಅಲ್ಲಲ್ಲಿ ಮೇಲಿನಿಂದ ಬಾವಿಯಂಥ ಗುಂಡಿಗಳನ್ನು ಇಳಿಬಿಟ್ಟಿದ್ದಾರೆ. ತೋಡುವಾಗ ಮಣ್ಣು ಮೇಲೆತ್ತಲು, ಆಮೇಲೆ ಇಳಿದು ಹೂಳು ತೆಗೆಯಲು ಅವು ದಾರಿ. ಎಲ್ಲಿ ಕಟ್ಟಿಕೊಂಡಿದೆ ಎಂದು ತಿಳಿಯಲು ಇಡೀ ಕಾಲುವೆ ಅಗೆಯಬೇಕಿಲ್ಲ. ಈ ಬಾವಿಯಲ್ಲಿ ನೀರಿದೆ, ಮುಂದಿನದರಲ್ಲಿ ಇಲ್ಲ ಎಂದರೆ ಹೂಳು ಇವೆರಡರ ನಡುವೆ.

ಮನೆಯ ಪೈಪಿನಲ್ಲೂ ಹುಡುಕುವ ರೀತಿ ಅದೇ. ನಮ್ಮ ಮನೆಯಲ್ಲಿ ನೀರು ಬರುವ ದಾರಿ ಹೀಗೆ: ಬೀದಿಯ ಪೈಪಿನಿಂದ ಫೆರುಲ್ ಎಂಬ ಸಣ್ಣ ಜೋಡಣೆ, ಅಲ್ಲಿಂದ ಗೇಟಿನವರೆಗೆ ಪ್ಲಾಸ್ಟಿಕ್ ಪೈಪು, ಗೇಟಿನ ಬಳಿ ಒಂದು ವಾಲ್ವ್, ಅದರ ಪಕ್ಕ ಬಿಚ್ಚಿ ಜೋಡಿಸಬಹುದಾದ ಯೂನಿಯನ್, ಆಮೇಲೆ ಅಂಗಳದ ನೆಲದಡಿ 8 ಮೀಟರು ಹಳೆಯ ಅರ್ಧ ಇಂಚಿನ ಜಿಐ ಪೈಪು, ಕೊನೆಗೆ ನಳ.

ತಲೆಯಿಂದ ಬಾಲದವರೆಗೆ ಒಂದೊಂದೇ ಬಿಚ್ಚುತ್ತ ಹೋಗುವುದಕ್ಕಿಂತ ನಡುವೆ ಒಂದು ಜಾಗದಲ್ಲಿ ನೋಡುವುದು ಜಾಣತನ. ಯೂನಿಯನ್ ಅದಕ್ಕೆ ಹೇಳಿ ಮಾಡಿಸಿದ ಜಾಗ. ಮೊದಲು ವಾಲ್ವಿನ ಚಕ್ರ ತಿರುಗಿಸಿ ನೋಡಿದೆ. ಹಳೆಯ ಗೇಟ್ ವಾಲ್ವುಗಳಲ್ಲಿ ಒಳಗಿನ ತಟ್ಟೆ ಕಡ್ಡಿಯಿಂದ ಕಳಚಿ ಕೆಳಗೆ ಬಿದ್ದಿರುವುದುಂಟು. ಆಗ ಚಕ್ರ ತೆರೆದಷ್ಟೂ ತಿರುಗುತ್ತಲೇ ಇರುತ್ತದೆ, ನೀರು ಮಾತ್ರ ಹೆಚ್ಚುವುದಿಲ್ಲ. ನಮ್ಮ ವಾಲ್ವ್ ತೆರೆದು ಕೊನೆಗೆ ಗಟ್ಟಿಯಾಗಿ ನಿಂತಿತು, ಅಂದರೆ ಸರಿಯಿತ್ತು. ಅದನ್ನು ಮುಚ್ಚಿ, ಪಾನಾ ಹಾಕಿ ಯೂನಿಯನ್ ಬಿಚ್ಚಿ, ಬಕೆಟ್ ಇಟ್ಟು ಮತ್ತೆ ತೆರೆದೆ.

ಬಕೆಟ್ 45 ಸೆಕೆಂಡಿಗೆ ತುಂಬಿ ಚೆಲ್ಲಿತು.

ಅಣ್ಣ ಹಣೆ ಚಚ್ಚಿಕೊಂಡರು. ಗೇಟಿನವರೆಗೆ ನೀರು ಸರಿಯಾಗಿಯೇ ಬರುತ್ತಿತ್ತು. ದೋಷವೆಲ್ಲ ನಮ್ಮ ಅಂಗಳದ ಆ 8 ಮೀಟರಿನಲ್ಲಿ. ಮೋಟಾರು ಹಚ್ಚಿದ ದಿನ ಹೌದ ಏಕೆ ತುಂಬಿತು ಎಂಬುದೂ ಆಗ ಹೊಳೆಯಿತು. ಅಣ್ಣ ಮೋಟಾರು ಕೂರಿಸಿದ್ದು ಗೇಟಿನ ಬಳಿ. ಅಲ್ಲಿಂದ ಹೌದಕ್ಕೆ ಹಾಕಿದ್ದು ಹೊಸ ರಬ್ಬರ್ ಪೈಪು. ಕಟ್ಟಿಕೊಂಡ ಪೈಪನ್ನು ಬಿಟ್ಟು ಬೇರೆ ದಾರಿಯಲ್ಲಿ ನೀರು ಹೋಗಿತ್ತು. ಮೋಟಾರೇ ಇಲ್ಲದೆ ಆ ರಬ್ಬರ್ ಪೈಪನ್ನಷ್ಟೇ ಜೋಡಿಸಿದ್ದರೂ ಬೇಕಾದಷ್ಟು ನೀರು ಬರುತ್ತಿತ್ತು!

ಪೈಪಿನೊಳಗೆ ಏನಾಗಿತ್ತು?

ಮರುದಿನ ನೀರಿಲ್ಲದ ಹೊತ್ತಿನಲ್ಲಿ ಅಂಗಳ ಅಗೆದೆವು. ಮೂಲೆಯಲ್ಲಿ ಪೈಪು ತಿರುಗುವ ಎಲ್ಬೋ ಹತ್ತಿರ ಒಂದು ತುಂಡು ಕತ್ತರಿಸಿ ಹುಡುಗಿಯ ಕೈಗೆ ಕೊಟ್ಟೆ. ಹೊರಗಿನಿಂದ ಹೆಬ್ಬೆರಳು ಗಾತ್ರದ ಒಳ್ಳೆಯ ಪೈಪು. ಒಳಗೆ ಸುತ್ತಲೂ ಕೆಂಪು ಕಂದು ಗಂಟುಗಳು ಬೆಳೆದು ಪೆನ್ಸಿಲ್ ಹೋಗುವಷ್ಟೇ ತೂತು ಉಳಿದಿತ್ತು.

ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರೂ ಬೇಕು, ಗಾಳಿಯೂ ಬೇಕು. ದಿನವಿಡೀ ನೀರು ತುಂಬಿರುವ ಪೈಪಿನಲ್ಲಿ ಗಾಳಿ ಕಡಿಮೆ. ದಿನ ಬಿಟ್ಟು ದಿನ ನೀರು ಬರುವಲ್ಲಿ ಒಂದು ಗಂಟೆ ನೀರು, ಆಮೇಲೆ ಒದ್ದೆ ಪೈಪಿಗೆ ನಲವತ್ತೇಳು ಗಂಟೆ ಗಾಳಿ. ಒಳಗಿನ ಸತುವಿನ ಲೇಪ ಸವೆದ ಮೇಲೆ ತುಕ್ಕು ಬೇಗ ಬೆಳೆಯುತ್ತದೆ. ಪ್ರತಿ ಸಲ ವಾಲ್ವ್ ತೆರೆದಾಗ ನುಗ್ಗುವ ನೀರು ಬೀದಿಯ ಪೈಪಿನ ಮರಳು ಮಣ್ಣನ್ನೂ ಎತ್ತಿ ತಂದು ಆ ಗಂಟುಗಳ ನಡುವೆ ಸಿಕ್ಕಿಸುತ್ತದೆ. ಎಲ್ಬೋ ಬಳಿ ಅದು ಹೆಚ್ಚು.

ಪೈಪಿನ ತೂತು ಸ್ವಲ್ಪ ಕಿರಿದಾದರೂ ನೀರು ಬಹಳ ಕಡಿಮೆಯಾಗುತ್ತದೆ. ತೂತಿನ ಅಗಲ ಅರ್ಧವಾದರೆ ನೀರೂ ಅರ್ಧ ಬರಬೇಕಲ್ಲ ಎಂದು ನಮಗನ್ನಿಸುತ್ತದೆ. ಹಾಗಾಗುವುದಿಲ್ಲ. ಒತ್ತಡ ಅಷ್ಟೇ ಇದ್ದರೂ ಹರಿವು ಸುಮಾರು ಆರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. 15 ಮಿಲಿಮೀಟರಿನ ದಾರಿ 8 ಮಿಲಿಮೀಟರಿಗೆ ಇಳಿದದ್ದಕ್ಕೇ ನಿಮಿಷಕ್ಕೆ 15 ಲೀಟರು ಬರಬೇಕಾದಲ್ಲಿ 3 ಲೀಟರಾದದ್ದು. ತುಕ್ಕು ವರ್ಷಗಟ್ಟಲೆ ಮೆಲ್ಲಗೆ ಬೆಳೆದಿರುತ್ತದೆ. ಕೊನೆಕೊನೆಗೆ ನೀರು ಒಮ್ಮೆಲೇ ಕೈಕೊಟ್ಟಂತೆ ಕಾಣುತ್ತದೆ.

ಇಂಥ ಪೈಪನ್ನು ಸಲಾಕೆ ತೂರಿಸಿ ಕೆರೆದು ಉಳಿಸಿಕೊಳ್ಳಬಹುದೇ ಎಂದು ಅಣ್ಣ ಕೇಳಿದರು. ಬೇಡವೆಂದೆ. ಕೆರೆದರೆ ತುಕ್ಕಿನ ಚೂರು ಮುಂದಿನ ವಾಲ್ವಿನಲ್ಲಿ ಸಿಕ್ಕಿಕೊಳ್ಳುತ್ತದೆ, ತೆಳುವಾದ ಪೈಪು ತೂತು ಬೀಳುತ್ತದೆ. ಹಳೆಯದನ್ನು ನೆಲದಲ್ಲೇ ಬಿಟ್ಟು ಪಕ್ಕದಲ್ಲಿ ಮುಕ್ಕಾಲು ಇಂಚಿನ ಹೊಸ ಪ್ಲಾಸ್ಟಿಕ್ ಪೈಪು ಹಾಕಿದೆವು. ಎರಡು ಎಲ್ಬೋ ಇದ್ದಲ್ಲಿ ದಾರಿ ನೇರ ಮಾಡಿ ಒಂದಕ್ಕೆ ಇಳಿಸಿದೆವು. ಪೈಪನ್ನು ಚರಂಡಿಯ ಕೆಳಗೆ ಹಾಯಿಸದೆ ಮೇಲಿನಿಂದ ತಂದೆವು.

ಮುಂದಿನ ಸರದಿಯಲ್ಲಿ ಅಂಗಳದ ನಳಕ್ಕೆ ಅದೇ ಬಕೆಟ್ ಇಟ್ಟೆವು. 50 ಸೆಕೆಂಡಿಗೆ ತುಂಬಿತು. ಒಂದು ಗಂಟೆಗೆ ಸಾವಿರ ಲೀಟರಿಗೂ ಮೇಲೆ. ಲೆವೆಲ್ ಪೈಪು ಕಟ್ಟಿ ಹೌದದ ವಾಲ್ವ್ ತೆರೆದಾಗ ನೀರು ಗೇಣಿಗೆ ಇಳಿಯಲಿಲ್ಲ, ಆಳೆತ್ತರದಲ್ಲಿ ನಿಂತಿತು. ನಾವು ಹೆಚ್ಚು ಎಳೆದುಕೊಂಡರೆ ಆಯಿಗೆ ಕಡಿಮೆಯಾದೀತೇ ಎಂದು ಅವರ ಮನೆಯಲ್ಲೂ ಮತ್ತೆ ಅಳೆದೆವು. 65 ಸೆಕೆಂಡು ಇದ್ದದ್ದು 75 ಆಗಿತ್ತು. ಅಷ್ಟು ವ್ಯತ್ಯಾಸ ಸಹಜ. ನಮ್ಮ ಹೌದಕ್ಕೆ ತೇಲುಗುಂಡಿನ ವಾಲ್ವ್ ಹಾಕಿದ್ದರಿಂದ ಅದು ತುಂಬಿದ ಕೂಡಲೇ ನೀರು ತಾನಾಗಿ ನಿಂತು, ಉಳಿದದ್ದೆಲ್ಲ ಮುಂದಕ್ಕೆ ಹೋಗುತ್ತದೆ.

ಮೋಟಾರು ಏಕೆ ಬೇಡ?

ಹೌದದಿಂದ ಮಾಳಿಗೆಯ ಟ್ಯಾಂಕಿಗೆ ನೀರೆತ್ತಲು ಮೋಟಾರು ಇರಲಿ. ಬೀದಿಯ ನಳಕ್ಕೆ ನೇರವಾಗಿ ಹಚ್ಚುವ ಮೋಟಾರಿನ ಮಾತು ಬೇರೆ. ಬೀದಿಯಲ್ಲಿ ಬರುವಷ್ಟಕ್ಕಿಂತ ಹೆಚ್ಚು ನೀರನ್ನು ಅದು ಎಳೆಯುತ್ತದೆ. ನೀರು ನಿಲ್ಲುವ ಹೊತ್ತಿಗೂ ಅದು ಓಡುತ್ತಿದ್ದರೆ ಬೀದಿಯ ಪೈಪಿನಲ್ಲಿ ಒತ್ತಡ ಸೊನ್ನೆಗೂ ಕೆಳಗಿಳಿದು ಹೀರುವಿಕೆ ಶುರುವಾಗುತ್ತದೆ. ಆಯಿಯ ಅಂಗೈ ಹಿಡಿದುಕೊಂಡದ್ದು ಅದೇ ಹೀರುವಿಕೆ. ಆಗ ಕೊನೆಯ ಮನೆಯ ಕೊಡ ಖಾಲಿ ಉಳಿಯುವುದಷ್ಟೇ ಅಲ್ಲ, ಪೈಪಿನಲ್ಲಿ ಎಲ್ಲೇ ಸಣ್ಣ ಬಿರುಕಿದ್ದರೂ ಅದರ ಸುತ್ತಲಿನ ಚರಂಡಿ ನೀರು ಒಳಗೆ ಸೇರುತ್ತದೆ. ಅದು ಬರುವುದು ಮೋಟಾರು ಹಚ್ಚಿದವರ ಹೌದಕ್ಕೇ ಮೊದಲು.

ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಕೆಲವು ಬಡಾವಣೆಗಳಲ್ಲಿ ವಿಶ್ವಬ್ಯಾಂಕ್ ನೆರವಿನ ಯೋಜನೆಯಲ್ಲಿ ದಿನವಿಡೀ ನೀರು ಕೊಡುವ ವ್ಯವಸ್ಥೆ ಮಾಡಿದ್ದರು. ಹುಬ್ಬಳ್ಳಿ-ಧಾರವಾಡದಲ್ಲಿ ಆ ಬಡಾವಣೆಗಳ ನೀರನ್ನೂ, ಬಿಟ್ಟು ಬಿಟ್ಟು ನೀರು ಬರುವ ಬಡಾವಣೆಗಳ ನೀರನ್ನೂ ಸಂಶೋಧಕರು ಹೋಲಿಸಿ ನೋಡಿದರು. ಬಿಟ್ಟು ಬಿಟ್ಟು ಬರುವ ನೀರಿನಲ್ಲಿ ಕೊಳೆಯ ಗುರುತು ಹೆಚ್ಚಾಗಿ ಕಂಡಿತು. ಅದರಲ್ಲೂ ನಳ ಶುರುವಾದಾಗಿನ ಮೊದಲ ನೀರಿನಲ್ಲಿ ಮತ್ತು ಒತ್ತಡ ಕಡಿಮೆಯಿದ್ದ ಹೊತ್ತಿನಲ್ಲಿ ಕೊಳೆ ಸೇರುವುದು ಕಂಡುಬಂತು. ಆದ್ದರಿಂದ ಮೊದಲು ಬರುವ ನೀರನ್ನು ಗಿಡಕ್ಕೋ ಅಂಗಳ ತೊಳೆಯಲಿಕ್ಕೋ ಬಿಟ್ಟು, ತಿಳಿಯಾದ ಮೇಲೆ ಹೌದಕ್ಕೆ ಹರಿಸುವುದು ಒಳ್ಳೆಯದು. ತಿಳಿಯಾಗಿ ಕಂಡ ಮಾತ್ರಕ್ಕೆ ಶುದ್ಧವೆಂದಲ್ಲ. ಕುಡಿಯುವ ನೀರನ್ನು ಕುದಿಸಲೇಬೇಕು. ಅಣ್ಣ ಮೋಟಾರಿನಿಂದ ತುಂಬಿದ್ದ ಹೌದವನ್ನು ನಾವು ಖಾಲಿ ಮಾಡಿ, ಉಜ್ಜಿ, ಬ್ಲೀಚಿಂಗ್ ಪುಡಿ ಹಾಕಿ ತೊಳೆದೆವು.

ಬಚ್ಚಲಿನ ನಳದ ಕಥೆ

ಹೌದ ತುಂಬಿತು, ಮಾಳಿಗೆಯ ಟ್ಯಾಂಕೂ ತುಂಬಿತು. ಆದರೂ ಬಚ್ಚಲಿನ ನಳ ಮಾತ್ರ ಕೆಮ್ಮುತ್ತಾ ನಿಂತು ನಿಂತು ಬರುತ್ತಿತ್ತು. “ಇದಕ್ಕೇನು ರೋಗ?” ಎಂದರು ವೈನಿ.

ಬಚ್ಚಲಿಗೆ ನೀರು ಬರುವುದು ಬೀದಿಯಿಂದಲ್ಲ, ಮಾಳಿಗೆಯ ಟ್ಯಾಂಕಿನಿಂದ. ಅಲ್ಲಿಯ ಒತ್ತಡವೆಂದರೆ ಟ್ಯಾಂಕಿನ ನೀರಿಗೂ ನಳಕ್ಕೂ ಇರುವ ಎತ್ತರದ ಅಂತರವಷ್ಟೇ, ನಮ್ಮಲ್ಲಿ ಎರಡೂವರೆ ಮೀಟರು. ಇಷ್ಟು ಕಡಿಮೆ ಒತ್ತಡದಲ್ಲಿ ಒಂದು ಗಾಳಿಗುಳ್ಳೆಯೂ ನೀರನ್ನು ತಡೆದು ನಿಲ್ಲಿಸಬಲ್ಲದು. ವರ್ಷವಿಡೀ ಟ್ಯಾಂಕು ಆಗಾಗ ಖಾಲಿಯಾಗುತ್ತಿದ್ದುದರಿಂದ ಪೈಪಿಗೆ ಗಾಳಿ ನುಗ್ಗಿ, ಪೈಪು ಮೇಲೆದ್ದು ಕೆಳಗಿಳಿಯುವ ಜಾಗದಲ್ಲಿ ಸಿಕ್ಕಿಕೊಂಡಿತ್ತು. ಟ್ಯಾಂಕು ತುಂಬಿಸಿ, ಎಲ್ಲಕ್ಕಿಂತ ಕೆಳಗಿನ ನಳವನ್ನು ಮೊದಲು ಪೂರ್ತಿ ತೆರೆದು, ಆಮೇಲೆ ಒಂದೊಂದಾಗಿ ಮೇಲಿನವುಗಳನ್ನು ತೆರೆದು ಹತ್ತು ನಿಮಿಷ ಬಿಟ್ಟೆ. ಗುಳುಗುಳು ಸದ್ದು ಮಾಡಿ ಗಾಳಿ ಹೊರಟುಹೋಯಿತು. ಮತ್ತೆ ಹಾಗಾಗದಿರಲೆಂದು, ಟ್ಯಾಂಕಿನಿಂದ ಹೊರಬರುವ ಪೈಪಿನ ವಾಲ್ವ್ ಆದ ಕೂಡಲೇ ಒಂದು ನೆಟ್ಟಗಿನ ಗಾಳಿ ಪೈಪು ಕೂರಿಸಿ, ಅದರ ಬಾಯಿ ಟ್ಯಾಂಕಿನ ನೀರಿಗಿಂತ ಮೇಲೆ ಬರುವಂತೆ ಏರಿಸಿದೆ.

ಊರು ಬಿಡುವ ದಿನ ಬೆಳಿಗ್ಗೆ ನೀರಿನ ಸರದಿ. ಅಣ್ಣ ಮೋಟಾರನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೊಲದವರಿಗೆ ತಿರುಗಿ ಕೊಡಲು ಹೊರಟಿದ್ದರು. ದಾರಿಯಲ್ಲಿ ನೀರು ಬಿಡುವವರು ಎದುರಾದರು. ಅಣ್ಣ ಸೈಕಲ್ಲು ನಿಲ್ಲಿಸಿ, “ಬರ್ರಿ, ಚಾ ಕುಡದು ಹೋಗ್ರಿ” ಎಂದರು.

ಹುಡುಗಿ ನಳದ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಿಂದ ಎರಡು ಸಾಲು ಬರೆದಿದ್ದಾಳೆ: ನಮ್ಮ ನಳ 50 ಸೆಕೆಂಡು, ಆಯಿ ನಳ 75 ಸೆಕೆಂಡು. ಪ್ರತಿ ತಿಂಗಳ ಮೊದಲ ಸರದಿಯಲ್ಲಿ ಎರಡೂ ಮನೆಯಲ್ಲಿ ಅಳೆದು ಅದರ ಕೆಳಗೆ ಹೊಸ ಅಂಕಿ ಬರೆಯಬೇಕು ಎಂದು ಹೇಳಿ ಬಂದಿದ್ದೇನೆ. ಎರಡೂ ಅಂಕಿ ಒಟ್ಟಿಗೆ ಏರಿದರೆ ಬೀದಿಯ ಕಡೆ ನೋಡಬೇಕು. ನಮ್ಮದೊಂದೇ ಏರಿದರೆ ನಮ್ಮ ಅಂಗಳ ಅಗೆಯಬೇಕು.